ಮಿತಿ ದಾಟಿದ ಕೂಡಲೇ ಡ್ಯಾಶ್‌ಬೋರ್ಡ್ ಮೇಲ್ ಕಳಿಸುತ್ತದೆಯೇ?

ಪವರ್ ಬಿಐ ಡ್ಯಾಶ್‌ಬೋರ್ಡಿನ ಟೈಲ್‌ಗೆ ಅಲರ್ಟ್ ಇಟ್ಟರೆ, ಅಂಕಿ ಮಿತಿ ದಾಟಿದ ಕ್ಷಣವೇ ಎಲ್ಲರಿಗೂ ಮೇಲ್ ಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಎರಡೂ ನಿಜವಲ್ಲ.

ರಾಯಚೂರಿನ ಗೊಬ್ಬರ ವ್ಯಾಪಾರಿಯೊಬ್ಬರು, ಮಾನ್ವಿ ಗೋದಾಮಿನ ದಾಸ್ತಾನು 200 ಚೀಲಕ್ಕಿಂತ ಇಳಿದರೆ ತಿಳಿಯಲೆಂದು ಅಲರ್ಟ್ ಇಟ್ಟಿದ್ದಾರೆ ಎಂದುಕೊಳ್ಳೋಣ. ಅವರ ಡೇಟಾ ರಿಫ್ರೆಶ್ ಆಗುವುದು ಬೆಳಿಗ್ಗೆ 6 ಮತ್ತು ಸಂಜೆ 6ಕ್ಕೆ. ಅಲರ್ಟ್ ಮಿತಿಯನ್ನು ಪರಿಶೀಲಿಸುವುದೂ ಆಗಲೇ. ಬೆಳಿಗ್ಗೆ 10ಕ್ಕೆ ಚೀಲ ಪೂರ್ತಿ ಖಾಲಿಯಾಗಿ, ಸಂಜೆ 5ಕ್ಕೆ ಲಾರಿ ಬಂದು 400 ಇಳಿಸಿದರೆ ಮೇಲ್ ಬರುವುದೇ ಇಲ್ಲ. ನಡುವೆ ಬರಿಗೈಲಿ ಹಿಂದಿರುಗಿದ ರೈತರನ್ನು ಟೈಲ್ ಕಂಡಿಲ್ಲ.

ಇನ್ನು ಮೇಲ್ ಬಂದರೂ ಅಲರ್ಟ್ ಇಟ್ಟವರಿಗೆ ಮಾತ್ರ. ಗೋದಾಮು ನೋಡಿಕೊಳ್ಳುವವರು ತಮ್ಮ ಖಾತೆಯಲ್ಲಿ ಬೇರೆಯೇ ಇಟ್ಟುಕೊಳ್ಳಬೇಕು. ದೇವದುರ್ಗ, ಮಾನ್ವಿ ಎರಡರ ಒಟ್ಟು ಲೆಕ್ಕವನ್ನು ಒಂದೇ ಟೈಲ್‌ನಲ್ಲಿಟ್ಟರಂತೂ, ಒಂದು ಕಡೆ ಖಾಲಿಯಾದರೂ ಇನ್ನೊಂದು ಕಡೆಯ ದಾಸ್ತಾನು ಅದನ್ನು ಮುಚ್ಚಿಹಾಕುತ್ತದೆ.