ಬಾಗಿಲು ಗಂಡು, ಬೀಗದ ಕೈ ಹೆಣ್ಣು

ಮೈಸೂರಿನ ಹುಡುಗಿಯೊಬ್ಬಳು ದೆಹಲಿಯ ಸಹೋದ್ಯೋಗಿಗೆ ಹೀಗೆ ಬರೆಯುತ್ತಾಳೆ ಎಂದುಕೊಳ್ಳಿ: ‘ಆಫೀಸ್ ಕಾ ಚಾಬೀ ಮೇರೇ ಪಾಸ್ ಹೈ. ಮೈಂನೇ ಕಲ್ ದರ್ವಾಜಾ ಬಂದ್ ಕೀ.’ ಅರ್ಥ ಆಗುತ್ತದೆ, ಆದರೆ ಎರಡು ಕಡೆ ಲಿಂಗ ಜಾರಿದೆ.

ಕನ್ನಡದಲ್ಲಿ ಬಾಗಿಲು, ಬೀಗದ ಕೈ ಎಲ್ಲವೂ ನಪುಂಸಕ. ‘ಆಫೀಸಿನ’ ಎಂಬ ಷಷ್ಠಿ ರೂಪ ಮುಂದೆ ಏನೇ ಬಂದರೂ ಬದಲಾಗದು. ಹಿಂದಿಯಲ್ಲಿ ನಪುಂಸಕವೇ ಇಲ್ಲ. ಅಲ್ಲಿ ‘ಕಾ’, ‘ಕೀ’ ತಮ್ಮ ಮುಂದಿನ ಪದದ ಲಿಂಗವನ್ನು ಹಿಡಿಯುತ್ತವೆ. ಚಾಬೀ ಸ್ತ್ರೀಲಿಂಗ, ಆದ್ದರಿಂದ ‘ಆಫೀಸ್ ಕೀ ಚಾಬೀ’.

ಎರಡನೆಯ ತಪ್ಪು ಹೆಚ್ಚು ಸ್ವಾರಸ್ಯಕರ. ತಾನು ಹೆಣ್ಣಾದ್ದರಿಂದ ‘ಕೀ’ ಎಂದಳು; ‘ಮುಚ್ಚಿದಳು’ ಎಂಬಲ್ಲಿ ಕ್ರಿಯಾಪದ ಕರ್ತೃವನ್ನೇ ಅನುಸರಿಸುವ ನಮ್ಮ ಅಭ್ಯಾಸ ಅದು. ‘ಮೈಂ ದರ್ವಾಜಾ ಬಂದ್ ಕರ್ತೀ ಹೂಂ’ ಎಂದಾಗ ಹಿಂದಿಯಲ್ಲೂ ಅದೇ ಸರಿ. ಆದರೆ ಮುಗಿದ ಸಕರ್ಮಕ ಕ್ರಿಯೆಗೆ ಕರ್ತೃವಿನ ಬೆನ್ನಿಗೆ ‘ನೇ’ ಅಂಟಿತೆಂದರೆ ಕ್ರಿಯಾಪದ ಅವಳನ್ನು ಬಿಟ್ಟು ಕರ್ಮದ ಕಡೆ ತಿರುಗುತ್ತದೆ. ದರ್ವಾಜಾ ಪುಲ್ಲಿಂಗ, ಹಾಗಾಗಿ ‘ಬಂದ್ ಕಿಯಾ’. ಬರೆದವರು ಗಂಡಸಾಗಲಿ ಹೆಂಗಸಾಗಲಿ, ‘ಖಿಡ್ಕೀ’ ಆಗಿದ್ದರೆ ಇಬ್ಬರೂ ‘ಬಂದ್ ಕೀ’ ಎನ್ನಬೇಕು.

ಕರ್ಮಕ್ಕೆ ‘ಕೋ’ ಸೇರಿದರೆ ಆ ನಂಟೂ ಕಡಿಯುತ್ತದೆ: ‘ಮೈಂನೇ ಖಿಡ್ಕೀ ಕೋ ಬಂದ್ ಕಿಯಾ’. ಆಗ ಕ್ರಿಯಾಪದ ಯಾರನ್ನೂ ನೋಡದೆ ಪುಲ್ಲಿಂಗ ಏಕವಚನದಲ್ಲೇ ನಿಲ್ಲುತ್ತದೆ.

ಪದದ ಲಿಂಗ ತಿಳಿಯುವುದೇ ಕಷ್ಟ. ‘ಈ’ಕಾರಾಂತವಾದರೆ ಬಹುಪಾಲು ಸ್ತ್ರೀಲಿಂಗ, ಆದರೆ ನಿತ್ಯ ಬೇಕಾಗುವ ಪಾನೀ, ಘೀ ಎರಡೂ ಪುಲ್ಲಿಂಗ! ಪದವನ್ನು ಒಂಟಿಯಾಗಿ ಕಲಿಯುವ ಬದಲು ‘ಠಂಡಾ ಪಾನೀ’, ‘ಬಡೀ ಖಿಡ್ಕೀ’ ಎಂದು ವಿಶೇಷಣದ ಜೊತೆಗೇ ಕಲಿಯುವುದು ವಾಸಿ.