ಕಲಂಕಾರಿ ಸೀರೆಗೆ ಯಾವ ಬಿಳಿ ರವಿಕೆ?

ಬಳ್ಳಿ, ನವಿಲು, ಅಗಲವಾದ ಹೂಗಳಿಂದ ತುಂಬಿದ ಮಚಲೀಪಟ್ಟಣದ ಕಲಂಕಾರಿ ಸೀರೆ ಉಟ್ಟಾಗ ಜೊತೆಯದ್ದೆಲ್ಲ ಸಾದಾ ಇರಬೇಕು ಎಂಬುದು ಹೆಚ್ಚಿನವರಿಗೆ ಗೊತ್ತು. ಹಾಗಾಗಿ ಬಿಳಿ ರವಿಕೆ ಹೊಲಿಸುತ್ತಾರೆ. ಆದರೆ ಅದನ್ನು ತೊಟ್ಟ ಮೇಲೆ ಹೊಸ ಸೀರೆಯೂ ಮಾಸಿದಂತೆ ಕಾಣುವುದುಂಟು. ಕಾರಣ ಆ ಬಿಳಿಯೇ.

ಸಾಂಪ್ರದಾಯಿಕ ಕಲಂಕಾರಿಯಲ್ಲಿ ಅಚ್ಚೊತ್ತುವ ಮೊದಲು ಬಟ್ಟೆಯನ್ನು ಅಳಲೆಕಾಯಿ ಪುಡಿ ಬೆರೆಸಿದ ಹಾಲಿನಲ್ಲಿ ಅದ್ದಿ ಒಣಗಿಸುತ್ತಾರೆ. ಬಣ್ಣ ಹರಡದಂತೆ ಹಾಲು ತಡೆಯುತ್ತದೆ, ಅಳಲೆ ಬಟ್ಟೆಗೆ ತಿಳಿ ಹಳದಿ ಕೊಡುತ್ತದೆ. ತುಕ್ಕು ಕಬ್ಬಿಣ ಮತ್ತು ಬೆಲ್ಲವನ್ನು ಹುದುಗಿಸಿ ತೆಗೆದ ಕಪ್ಪಿನಲ್ಲೂ ಕಂದಿನ ಛಾಯೆ ಇರುತ್ತದೆ. ಇಂಥ ಸೀರೆಯ ಪಕ್ಕ ನೀಲಿ ಹಾಕಿ ಒಗೆದ ಅಚ್ಚ ಬಿಳಿ ಬಂದರೆ ಕಣ್ಣು ಎರಡನ್ನೂ ಹೋಲಿಸುತ್ತದೆ. ಕೆನೆಬಣ್ಣ ಕೊಳೆಯಾಗಿ ತೋರುತ್ತದೆ.

ಆದ್ದರಿಂದ ತಟಸ್ಥ ಬಣ್ಣವನ್ನು ಸೀರೆಯೊಳಗಿಂದಲೇ ಆರಿಸಬೇಕು. ಕಡುಗೆಂಪು ಹೂಗಳ ನಡುವೆ ಕೆನೆಬಣ್ಣ ಇಣುಕುವ ಸೀರೆಯನ್ನೇ ತೆಗೆದುಕೊಳ್ಳಿ. ಆ ಕೆನೆಬಣ್ಣಕ್ಕೆ ಹೊಂದುವ, ಬಿಳುಪು ಮಾಡದ ಖಾದಿಯ ಮೊಣಕೈವರೆಗಿನ ತೋಳಿನ ರವಿಕೆ ಇದಕ್ಕೆ ಒಪ್ಪುತ್ತದೆ. ಖಾದಿಯ ಒರಟು ನೂಲು ಸಾದಾ ಬಟ್ಟೆಗೂ ಒಂದು ಜೀವ ಕೊಡುತ್ತದೆ. ಹೊಳೆಯುವ ಸ್ಯಾಟಿನ್ ಆದರೆ ಬೆಳಕೆಲ್ಲ ರವಿಕೆಯ ಮೇಲೇ ಬಿದ್ದು ಅಚ್ಚಿನ ಕೆಲಸ ಹಿಂದೆ ಸರಿಯುತ್ತದೆ. ಒಳಲಂಗವೂ ಸೀರೆಯ ನೆಲದ ಬಣ್ಣದ್ದೇ ಇರಲಿ. ತೆಳು ಹತ್ತಿಯ ಕೆಳಗೆ ಬಿಳಿ ಲಂಗ ಇಣುಕಿ ಕಾಣುತ್ತದೆ. ಕಂದು ಚರ್ಮದ ಚಪ್ಪಲಿ, ಒಂದು ಜೊತೆ ಬೆಳ್ಳಿ ಜುಮಕಿ ಸಾಕು. ಸೀರೆಯ ಜೊತೆಗೇ ಬರುವ ಅದೇ ಅಚ್ಚಿನ ರವಿಕೆ ತುಂಡನ್ನು ಹೊಲಿಸದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಸೆರಗು ಎಲ್ಲಿ ಮುಗಿಯಿತು, ತೋಳು ಎಲ್ಲಿ ಶುರುವಾಯಿತು ಎಂದು ತಿಳಿಯದೆ ನವಿಲು, ಬಳ್ಳಿ ಎಲ್ಲ ಕಲಸಿಹೋಗುತ್ತವೆ.

ಒಂದು ಎಚ್ಚರಿಕೆ ಇದೆ. ರವಿಕೆಯ ಬಣ್ಣ ತೊಡುವವರ ಮೈಬಣ್ಣಕ್ಕೆ ತೀರ ಹತ್ತಿರವಾದರೆ ದೂರದಿಂದ, ಫೋಟೋದಲ್ಲಿ ಎರಡೂ ಬೆರೆತುಹೋಗುತ್ತವೆ. ಆಗ ಅದೇ ಸೀರೆಯ ಗೆರೆಗಳಲ್ಲಿರುವ ಕಂದುಗಪ್ಪನ್ನು ಹಿಡಿಯಿರಿ.

ಸಾಸಿವೆ ಹಳದಿ ಜಾಕೆಟ್‌ಗೂ ಇದೇ ಲೆಕ್ಕ. ಅದರ ಬೆಚ್ಚನೆಯ ಬಣ್ಣಕ್ಕೆ ಕೆನೆಬಣ್ಣದ ಕುರ್ತಾ, ಕಂದು ಪ್ಯಾಂಟ್ ಒಗ್ಗುತ್ತವೆ. ನೀಲಿ ಛಾಯೆಯ ಬೂದುಬಣ್ಣ ಸ್ವಲ್ಪ ಬಿಗಿಯಾಗಿಯೇ ನಿಲ್ಲುತ್ತದೆ.

ಮ್ಯಾಚಿಂಗ್ ಸೆಂಟರ್‌ಗೆ ಹೋಗುವಾಗ ಸೀರೆಯನ್ನೇ ಒಯ್ಯಿರಿ, ಮೊಬೈಲಿನ ಫೋಟೋ ನಂಬಬೇಡಿ. ಟ್ಯೂಬ್‌ಲೈಟಿನಲ್ಲಿ ಹೊಂದಿದ ಬಣ್ಣ ಬಿಸಿಲಿನಲ್ಲಿ ಬೇರೆಯಾಗಿ ಕಾಣಬಹುದು. ಬಟ್ಟೆ ಕತ್ತರಿಸುವ ಮೊದಲು ಎರಡನ್ನೂ ಅಂಗಡಿಯ ಬಾಗಿಲಿಗೆ ತಂದು, ಹಗಲ ಬೆಳಕಿನಲ್ಲಿ ಒಟ್ಟಿಗೆ ಹಿಡಿದು ನೋಡಿ.