ಕೊಬ್ಬರಿ ಗಾಣದ ಅಂದಾಜು ಪಟ್ಟಿಯನ್ನು ತಯಾರಿಸುವ ಕ್ರಮ

ತುಮಕೂರು ತಾಲ್ಲೂಕಿನ ಊರ್ಡಿಗೆರೆ ಹೋಬಳಿಯ ಗ್ರಾಮವೊಂದರಲ್ಲಿ ತೆಂಗಿನ ತೋಟದ ಯಜಮಾನರೊಬ್ಬರು ವಿದ್ಯುತ್ ಗಾಣವನ್ನಿಡಲು ಬ್ಯಾಂಕಿಗೆ ಅರ್ಜಿ ಬರೆಯುವರೆಂದು ಭಾವಿಸೋಣ. ಅರ್ಜಿಯ ಒಕ್ಕಣೆ ಸಾಮಾನ್ಯವಾಗಿ ಹೀಗಿರುತ್ತದೆ: “ಯಂತ್ರಕ್ಕೂ ಕೊಟ್ಟಿಗೆಗೂ 5 ಲಕ್ಷ ರೂಪಾಯಿ ತಗಲುವುದು. ದಿನಕ್ಕೆ ಒಂದು ಕ್ವಿಂಟಾಲ್ ಕೊಬ್ಬರಿಯನ್ನು ಆಡಿಸಬಹುದು. ಕ್ವಿಂಟಾಲಿಗೆ 2,250 ರೂಪಾಯಿ ಮಿಗುವುದರಿಂದ 250 ದಿನಗಳಿಗೆ 5,62,500 ರೂಪಾಯಿ ಲಾಭ ಬರುವುದು.”

ಈ ವಾಕ್ಯಗಳಲ್ಲಿ ಗುಣಾಕಾರ ತಪ್ಪಿಲ್ಲ. ಆದರೂ ಯಾವ ಅಂಕಿ ಕಂಡದ್ದು, ಯಾವುದು ಊಹಿಸಿದ್ದು ಎಂಬುದು ತಿಳಿಯದು. ಆದಕಾರಣ ಮೊದಲು ಒಕ್ಕಣೆಯಲ್ಲಿರುವ ಪ್ರತಿಯೊಂದು ಅಂಕಿಯ ಕೆಳಗೂ ಗೆರೆಯೆಳೆದು, ಬರೆಯದೆ ಬಿಟ್ಟ ಬಾಬುಗಳನ್ನೂ ಸೇರಿಸಿ, ಒಂದೊಂದನ್ನೂ ಆಧಾರದೊಡನೆ ಪ್ರತ್ಯೇಕ ಸಾಲಿನಲ್ಲಿ ಬರೆಯತಕ್ಕದ್ದು. ಇದೇ ಊಹೆಗಳ ಪಟ್ಟಿ. ಕೆಳಗಿನ ಅಂಕಿಗಳು ಕ್ರಮವನ್ನು ತೋರಿಸುವುದಕ್ಕಾಗಿ ಮಾತ್ರ; ಈಗಿನ ಧಾರಣೆಗಳಲ್ಲ.

| ಬಾಬು | ಅಂಕಿ | ಆಧಾರ |
|---|---|---|
| ಕೊಬ್ಬರಿ, ಕ್ವಿಂಟಾಲಿಗೆ | ರೂ. 15,000 | ಪೇಟೆಯ ಧಾರಣೆ |
| ಎಣ್ಣೆಯ ಇಳುವರಿ | 100 ಕಿಲೋಗೆ 60 ಕಿಲೋ | ಆಡಿಸಿ ನೋಡಿದ್ದು |
| ಹಿಂಡಿ | 100 ಕಿಲೋಗೆ 35 ಕಿಲೋ | ಆಡಿಸಿ ನೋಡಿದ್ದು |
| ಎಣ್ಣೆ, ಕಿಲೋಗೆ | ರೂ. 270 | ಅಂಗಡಿಯವರ ಮಾತು |
| ಹಿಂಡಿ, ಕಿಲೋಗೆ | ರೂ. 30 | ಸ್ಥಳೀಯ ಧಾರಣೆ |
| ವಿದ್ಯುತ್, ಡಬ್ಬಿ, ಕ್ವಿಂಟಾಲಿಗೆ | ರೂ. 300 | ಬಿಲ್ಲು |
| ಆಳಿನ ಸಂಬಳ, ವರ್ಷಕ್ಕೆ | ರೂ. 1,20,000 | ಒಪ್ಪಂದ |
| ದುರಸ್ತಿ ವಗೈರೆ, ವರ್ಷಕ್ಕೆ | ರೂ. 30,000 | ಊಹೆ |
| ಸಾಲ 4 ಲಕ್ಷ, 5 ವರ್ಷ | ಬಡ್ಡಿ ಶೇ. 10 | ಬ್ಯಾಂಕು |
| ಕೆಲಸದ ಪ್ರಮಾಣ | ಶೇ. 60, 70, 80 | ಊಹೆ |

ಇವುಗಳಲ್ಲಿ ಎರಡು ಸಾಲುಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಉಂಡೆ ಕೊಬ್ಬರಿಯ ಧಾರಣೆ ಬೇರೆ, ಎಣ್ಣೆಗೆ ಹೋಗುವ ಕೊಬ್ಬರಿಯ ಧಾರಣೆ ಬೇರೆ. ಆಡಿಸುವ ಕೊಬ್ಬರಿಯದನ್ನೇ ಬರೆಯಬೇಕು. ಇಳುವರಿಯಾದರೋ ಕೊಬ್ಬರಿಯ ಒಣಗಿಕೆಯನ್ನು ಅವಲಂಬಿಸಿದೆ. ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ನೀರಿನ ಅಂಶ ನೂರಕ್ಕೆ ಸುಮಾರು 6 ಇರುತ್ತದೆ. ಹಸಿಯಿದ್ದರೆ ತೂಕ ಹೆಚ್ಚಾಗಿ ಕಂಡರೂ ಎಣ್ಣೆ ಕಡಮೆಯಾಗುವುದು, ಬೂಷ್ಟೂ ಹಿಡಿಯುವುದು. ಆದ್ದರಿಂದ ಯಂತ್ರ ಮಾರುವವರ ಮಾತನ್ನು ನಂಬದೆ, ತಮ್ಮ ತೋಟದ ಕೊಬ್ಬರಿಯನ್ನು ನೆರೆಯ ಗಾಣದಲ್ಲಿ ತಮ್ಮೆದುರಿಗೇ ಆಡಿಸಿ ತೂಗಿಸುವುದು ಲೇಸು.

ಅನಂತರ ವರ್ಷವಾರು ಪಟ್ಟಿ. ಇದರಲ್ಲಿ ಹೊಸ ಅಂಕಿಯೊಂದನ್ನೂ ಬರೆಯಕೂಡದು. ಎಲ್ಲವೂ ಮೇಲಿನ ಪಟ್ಟಿಯಿಂದಲೇ ಲೆಕ್ಕವಾಗಿ ಬರಬೇಕು. ಕ್ವಿಂಟಾಲಿಗೆ ಎಣ್ಣೆಯಿಂದ 16,200, ಹಿಂಡಿಯಿಂದ 1,050, ಒಟ್ಟು 17,250 ರೂಪಾಯಿ. ಕೊಬ್ಬರಿಯ ಬೆಲೆಯನ್ನು ಕಳೆದರೆ 2,250 ಉಳಿಯುವುದು.

| ಬಾಬು (ರೂ.) | 1ನೆಯ ವರ್ಷ | 2ನೆಯ ವರ್ಷ | 3ನೆಯ ವರ್ಷ |
|---|---|---|---|
| ಆಡಿಸಿದ ಕ್ವಿಂಟಾಲ್ | 150 | 175 | 200 |
| ಕೊಬ್ಬರಿ ಬೆಲೆ ಕಳೆದು ಉಳಿದದ್ದು | 3,37,500 | 3,93,750 | 4,50,000 |
| ವಿದ್ಯುತ್, ಡಬ್ಬಿ | 45,000 | 52,500 | 60,000 |
| ಸಂಬಳ, ದುರಸ್ತಿ | 1,50,000 | 1,50,000 | 1,50,000 |
| ಸಾಲಕ್ಕೆ ಮುಂಚಿನ ಉಳಿಕೆ | 1,42,500 | 1,91,250 | 2,40,000 |
| ಬಡ್ಡಿ | 40,000 | 32,000 | 24,000 |
| ಅಸಲಿನ ಕಂತು | 80,000 | 80,000 | 80,000 |
| ಕೈಯಲ್ಲಿ ಉಳಿಯುವುದು | 22,500 | 79,250 | 1,36,000 |

ಒಕ್ಕಣೆಯಲ್ಲಿ ಐದೂವರೆ ಲಕ್ಷಕ್ಕೆ ಮೀರಿದ್ದ ಲಾಭ, ಮೊದಲನೆಯ ವರ್ಷದಲ್ಲಿ ಇಪ್ಪತ್ತೆರಡೂವರೆ ಸಾವಿರಕ್ಕೆ ಇಳಿಯಿತು. ಯಜಮಾನರು ತಮ್ಮ ದುಡಿಮೆಗೆ ಕೂಲಿ ಹಿಡಿದಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ಇದಲ್ಲದೆ 10 ಕ್ವಿಂಟಾಲ್ ಕೊಬ್ಬರಿ ಯಾವಾಗಲೂ ದಾಸ್ತಾನಿರಬೇಕಾದರೆ 1,50,000 ರೂಪಾಯಿ ಅದರಲ್ಲಿಯೇ ಸಿಕ್ಕಿಕೊಂಡಿರುವುದು. ಇದು ಖರ್ಚಲ್ಲವಾದರೂ ಗಾಣ ತಿರುಗುವ ಮೊದಲೇ ಕೈಯಲ್ಲಿರಬೇಕಾದ ಹಣ. ಯಂತ್ರ, ಕೊಟ್ಟಿಗೆಗಳಿಗೆ ಸಾಲ ಹೋಗಿ ಸ್ವಂತವಾಗಿ ಹಾಕಬೇಕಾದ 1 ಲಕ್ಷದ ಜೊತೆಗೆ ಇದನ್ನೂ ಬರೆಯದಿದ್ದರೆ, ಯಂತ್ರ ನಿಂತು ಕೊಬ್ಬರಿಯಿಲ್ಲದಂತಾಗುವುದು.

ಪಟ್ಟಿಯ ಮುಖ್ಯ ಉಪಯೋಗವು ಒಂದು ಊಹೆಯನ್ನು ಬದಲಾಯಿಸಿ ನೋಡುವುದರಲ್ಲಿದೆ. ಕೊಬ್ಬರಿಯು ಕಿಲೋಗೆ 10 ರೂಪಾಯಿ ಏರಿ, ಎಣ್ಣೆಯ ಬೆಲೆ ಕೂಡಲೇ ಏರದಿದ್ದರೆ, ಕ್ವಿಂಟಾಲಿಗೆ ಉಳಿಯುವುದು 1,250 ಮಾತ್ರ. ಮೊದಲನೆಯ ವರ್ಷವೆಲ್ಲಾ ಹೀಗೆಯೇ ನಡೆದರೆ 1,87,500 ಬಂದು 1,95,000 ಖರ್ಚಾಗುವುದು. ಕಂತಿಗೆ ಒಂದು ಕಾಸೂ ಉಳಿಯದು. ಗಾಣದ ಲಾಭವು ಎಣ್ಣೆಯ ಬೆಲೆಯಲ್ಲಿಲ್ಲ, ಎರಡು ಬೆಲೆಗಳ ಅಂತರದಲ್ಲಿದೆ ಎಂಬುದು ಇದರಿಂದ ತಿಳಿಯಬರುತ್ತದೆ. ಇಂಥ ವರ್ಷದಲ್ಲಿ ಕಂತು ಕಟ್ಟಲು 1,27,500 ರೂಪಾಯಿ ಬೇರೆ ಮೂಲದಿಂದ ಬರುವಂತಿರಬೇಕು. ಇಲ್ಲವಾದರೆ ಸಾಲವನ್ನು ತಗ್ಗಿಸಬೇಕು, ಇಲ್ಲವೇ ಹೊರಗಿನವರ ಕೊಬ್ಬರಿಯನ್ನು ಕೂಲಿಗೆ ಆಡಿಸುವ ಬಾಬನ್ನು ಪಟ್ಟಿಗೆ ಸೇರಿಸಿ ಲೆಕ್ಕ ನೋಡಬೇಕು.

ಅರ್ಜಿಯನ್ನು ತಂದವರಿಗೆ ಸಲಹೆ ಹೇಳಬೇಕಾದ ಗ್ರಾಮದ ಮುಖಂಡರು, ಕೊನೆಯ ಸಾಲಿನ ಲಾಭವನ್ನು ನೋಡುವುದಕ್ಕೆ ಮುಂಚೆ ಆಧಾರದ ಅಂಕಣವನ್ನು ನೋಡತಕ್ಕದ್ದು. ಅಲ್ಲಿ “ಊಹೆ” ಎಂದಿರುವ ಸಾಲುಗಳಲ್ಲಿ ಯಾವುದನ್ನು ಸ್ವಲ್ಪ ಬದಲಾಯಿಸಿದರೆ ಕಂತು ತಪ್ಪುವುದೋ, ಅದನ್ನು ವಿಚಾರಿಸಿ ಖಚಿತಪಡಿಸಿಕೊಂಡ ಮೇಲೆಯೇ ಅರ್ಜಿಯನ್ನು ಕಳುಹಿಸುವುದು ಯುಕ್ತ.